ದೊಡ್ಡ ಅಕ್ಷರವೋ, ಓದಿ ಹೇಳುವ ಫೋನೋ, ಮಾತು ಕೇಳುವ ಫೋನೋ? ಕಣ್ಣು ಮಂಜಾದವರಿಗೆ ಹೊಂದುವುದು ಯಾವುದು

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ. ಕಣ್ಣು ಸರಿಯಾಗಿ ಕಾಣದ ಹಿರಿಯರ ಫೋನ್ ಹಿಡಿದುಕೊಂಡು ಮಕ್ಕಳು ಬರುತ್ತಾರೆ. ಎಲ್ಲರದೂ ಒಂದೇ ಮಾತು: "ಅಕ್ಷರ ಎಷ್ಟು ದೊಡ್ಡದ್ ಆಗ್ತೈತೋ ಅಷ್ಟು ಮಾಡಿಕೊಡ್ರಿ." ಮೊದಲು ನಾನೂ ಹಾಗೇ ಮಾಡಿ ಕಳಿಸುತ್ತಿದ್ದೆ. ಎರಡು ನಿಮಿಷದ ಕೆಲಸ, ದುಡ್ಡೂ ತೆಗೆದುಕೊಳ್ಳುತ್ತಿರಲಿಲ್ಲ. ಅದು ತಪ್ಪು ಅಂತ ಗೊತ್ತಾಗಿದ್ದು ನಮ್ಮ ಮಾಮಾನಿಂದ.

ಮಾಮಾ ಇರುವುದು ಕಾರಟಗಿ ಹತ್ತಿರದ ಹಳ್ಳಿಯಲ್ಲಿ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ಓದು ಬರಹ ಚೆನ್ನಾಗಿ ಬಲ್ಲವರು. ಗ್ಲುಕೋಮಾ ಅಂತ ಡಾಕ್ಟರ್ ಹೇಳಿದ್ದಾರೆ, ದಿನಾ ಡ್ರಾಪ್ಸ್ ಹಾಕಿಕೊಳ್ಳುತ್ತಾರೆ. ಫೋನಿನಲ್ಲಿ ಹೆಸರು ಹುಡುಕಲು ಕಷ್ಟ ಅಂದರು. ನಾನು ಸೀದಾ ಅಕ್ಷರವನ್ನು ಕೊನೆಯ ಅಳತೆಗೆ ಎಳೆದು ಕೊಟ್ಟೆ. ಎರಡು ದಿನಕ್ಕೆ ಫೋನ್ ಬಂತು.

"ಅಳಿಯಾ, ಇದು ಇನ್ನೂ ಕೆಟ್ಟ ಆತು ನೋಡು. ಮೊದ್ಲು ಹೆಸರಾದ್ರೂ ಪೂರ್ತಿ ಕಾಣ್ತಿತ್ತು. ಈಗ ಆನಿ ಸೊಂಡ್ಲಿ ಅಷ್ಟ ಕಾಣಾಕತ್ತೈತಿ, ಆನಿ ಕಾಣವಲ್ದು."

ಅವರು ಹೇಳಿದ್ದು ಅಕ್ಷರಶಃ ನಿಜ. ಗ್ಲುಕೋಮಾದಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಅಕ್ಕಪಕ್ಕದ ನೋಟ. ನಡುವಿನ ನೋಟ ಬಹಳ ದಿನ ಉಳಿಯುತ್ತದೆ. ಕೊಳವೆಯೊಳಗಿಂದ ನೋಡಿದ ಹಾಗೆ ಅಂದುಕೊಳ್ಳಿ. ಕೊಳವೆಯ ಬಾಯಿ ಅಷ್ಟೇ ಇದೆ, ಅದರ ಆಚೆಗಿನ ಅಕ್ಷರವನ್ನು ನಾನು ಹಿಗ್ಗಿಸಿಬಿಟ್ಟಿದ್ದೆ. ಮೊದಲು "ಮಲ್ಲಿಕಾರ್ಜುನ" ಇಡೀ ಕಾಣುತ್ತಿತ್ತು. ಈಗ "ಮಲ್ಲಿ" ಮಾತ್ರ. ಅವರ ಫೋನಿನಲ್ಲಿ ಒಬ್ಬಳು ಮಲ್ಲಿಕಾ ಕೂಡ ಇದ್ದಾಳೆ, ಸೊಸೆಯ ತಂಗಿ. ಪಾಪ, ಆಕೆಗೆ ಎರಡು ದಿನದಲ್ಲಿ ಆರು ಸಲ ಫೋನ್ ಹೋಗಿತ್ತು.

ಅದಕ್ಕೇ ಈಗ ಯಾರೇ ಬಂದರೂ ಮೊದಲು ಫೋನ್ ಮುಟ್ಟುವುದಿಲ್ಲ. ದಿನಪತ್ರಿಕೆ ತೆಗೆಯುತ್ತೇನೆ.

ಮೊದಲು ಪೇಪರ್ ಓದಿಸಿ

ಒಳ್ಳೆ ಬೆಳಕಿನಲ್ಲಿ ಕೂರಿಸಿ. ಫೋನ್ ಹಿಡಿಯುವಷ್ಟೇ ದೂರದಲ್ಲಿ ಪೇಪರ್ ಹಿಡಿಸಿ. ಕನ್ನಡಕ ಇದ್ದರೆ ಹಾಕಿಕೊಳ್ಳಲಿ. ಪೇಪರಿನಲ್ಲಿ ಮೂರು ಅಳತೆಯ ಅಕ್ಷರ ಸಿಕ್ಕೇ ಸಿಗುತ್ತದೆ: ಮುಖಪುಟದ ದಪ್ಪ ತಲೆಬರಹ, ಒಳಗಿನ ಸಣ್ಣ ತಲೆಬರಹ, ಸುದ್ದಿಯ ಸಾಲು. ಮೂರನ್ನೂ ಓದಿಸಿ. ಓದಿದರೋ ಇಲ್ಲವೋ ಅನ್ನುವುದಷ್ಟೇ ಮುಖ್ಯವಲ್ಲ. ಹೇಗೆ ಓದುತ್ತಾರೆ ಅಂತ ಮುಖ ನೋಡುತ್ತಿರಿ.

ಮಾಮಾಗೆ ಓದಿಸಿದಾಗ ತಮಾಷೆ ನಡೆಯಿತು. ಸಣ್ಣ ತಲೆಬರಹವನ್ನು ಸರಾಗವಾಗಿ ಓದಿದರು. ಸುದ್ದಿಯ ಸಾಲನ್ನೂ ಬಲ್ಬಿನ ಕೆಳಗೆ ನಿಧಾನಕ್ಕೆ ಓದಿದರು. ಮುಖಪುಟದ ದೊಡ್ಡ ತಲೆಬರಹಕ್ಕೆ ಬಂದಾಗ ಮಾತ್ರ ತಲೆಯನ್ನು ಎಡದಿಂದ ಬಲಕ್ಕೆ ತಿರುಗಿಸತೊಡಗಿದರು, ಪದದ ಅರ್ಧಕ್ಕೇ ನಿಂತರು. ಹೀಗೆ ದೊಡ್ಡದರಲ್ಲೇ ತಡವರಿಸುವವರಿಗೆ ಅಕ್ಷರ ಹಿಗ್ಗಿಸಿ ಕೊಟ್ಟರೆ ಉಪಕಾರವಲ್ಲ, ಉಪದ್ರವ.

ಕುಷ್ಟಗಿಯ ನಮ್ಮ ದೊಡ್ಡವ್ವನದು ಇದರ ತಿರುಗಾಮುರುಗ. ವಯಸ್ಸಿನಿಂದ ಕಣ್ಣಿನ ಪರದೆಯ ನಡುಭಾಗ ಸವೆದಿದೆ. ಎದುರಿಗೆ ನಿಂತವರ ಮುಖವೇ ಕಾಣುವುದಿಲ್ಲ, ಆದರೆ ಬಾಗಿಲಲ್ಲಿ ಯಾರೋ ಹಾದುಹೋದದ್ದು ಗೊತ್ತಾಗುತ್ತದೆ. ಆಕೆ ಪೇಪರನ್ನು ಓರೆಯಾಗಿ ಹಿಡಿಯುತ್ತಾಳೆ, ಕಣ್ಣಂಚಿನಿಂದ ನೋಡುತ್ತಾಳೆ. ಸುದ್ದಿಯ ಸಾಲು ಆಗಲೇ ಇಲ್ಲ. ದಪ್ಪ ತಲೆಬರಹ ಮಾತ್ರ ಓದಿದಳು. ಇಂಥವರಿಗೆ ಅಕ್ಷರ ದೊಡ್ಡದಾದಷ್ಟೂ ಒಳ್ಳೆಯದು.

ಮೂರನೆಯ ಥರ ಮೋತಿಬಿಂದು. ಇವರಿಗೆ ಎಲ್ಲವೂ ಮಬ್ಬು, ಬೆಳಕು ಬಂದರೆ ಕಣ್ಣು ಕುಕ್ಕುತ್ತದೆ. ಬಿಸಿಲಿಗೆ ಪೇಪರ್ ಹಿಡಿದರೆ ಇನ್ನೂ ಕಡಿಮೆ ಕಾಣುತ್ತದೆ ಅನ್ನುತ್ತಾರೆ. ಇದಕ್ಕೆ ಆಪರೇಷನ್ ಇದೆ. ಹಾಗಾಗಿ ಫೋನ್ ಸೆಟ್ಟಿಂಗಿಗೆ ತಲೆ ಕೆಡಿಸಿಕೊಳ್ಳುವ ಮುಂಚೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬನ್ನಿ. ಈ ಪೇಪರ್ ಓದಿಸುವುದು ಕಾಯಿಲೆ ಕಂಡುಹಿಡಿಯುವ ಪರೀಕ್ಷೆ ಅಲ್ಲ. ಫೋನಿನಲ್ಲಿ ಏನು ಬದಲಿಸಬೇಕು ಅನ್ನುವುದಕ್ಕೆ ಮಾತ್ರ.

ಮೂರು ಅಳತೆಯಲ್ಲಿ ಒಂದನ್ನೂ ಓದಲಾಗದಿದ್ದರೆ ದೊಡ್ಡ ಅಕ್ಷರದ ದಾರಿ ಬಿಟ್ಟು, ಓದಿ ಹೇಳುವ ಫೋನಿನ ಕಡೆಗೇ ಹೋಗಬೇಕು.

ದೊಡ್ಡ ಅಕ್ಷರದಲ್ಲೇ ಮೂರು ಬಗೆ

ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಇದು `Settings` ಒಳಗೆ `Accessibility` ಅಥವಾ `Display` ಅಡಿಯಲ್ಲಿ ಸಿಗುತ್ತದೆ. ಕೆಲವು ಕಂಪನಿಯವರು `Additional settings` ಒಳಗೆ ಬಚ್ಚಿಟ್ಟಿರುತ್ತಾರೆ. ಸಿಗದಿದ್ದರೆ ಸೆಟ್ಟಿಂಗ್ ಪುಟದ ಮೇಲಿನ ಹುಡುಕುವ ಜಾಗದಲ್ಲಿ `font` ಅಂತ ಬರೆಯಿರಿ.

`Font size` ಅಕ್ಷರವನ್ನಷ್ಟೇ ಬೆಳೆಸುತ್ತದೆ. ಆಂಡ್ರಾಯ್ಡ್ 14ರಿಂದ ಇದನ್ನು 200 ಪರ್ಸೆಂಟ್ ತನಕ ಬೆಳೆಸಬಹುದು. `Display size` ಅಕ್ಷರದ ಜೊತೆಗೆ ಚಿತ್ರ, ಬಟನ್ ಎಲ್ಲವನ್ನೂ ಬೆಳೆಸುತ್ತದೆ. `Magnification` ಬೇರೆಯೇ. ಬೇಕಾದಾಗ ಮಾತ್ರ, ಭೂತಗನ್ನಡಿ ಹಿಡಿದ ಹಾಗೆ, ಪರದೆಯ ಒಂದು ಭಾಗವನ್ನು ಹಿಗ್ಗಿಸುತ್ತದೆ. ಎರಡು ಬೆರಳಿಂದ ಎಳೆದು ಉಳಿದ ಭಾಗ ನೋಡಬೇಕು.

ದೊಡ್ಡವ್ವನಿಗೆ ಮೊದಲ ಎರಡನ್ನೂ ಏರಿಸಿದೆ. ಆದರೆ ಎರಡನ್ನೂ ಕೊನೆಯ ತನಕ ಒಯ್ಯಬೇಡಿ. ಎರಡೂ ಗರಿಷ್ಠವಾದರೆ ಕೆಲವು ಆ್ಯಪುಗಳಲ್ಲಿ ಕೆಳಗಿನ ಬಟನ್ ಪರದೆಯಿಂದ ಆಚೆ ಹೋಗುತ್ತದೆ. ಕನ್ನಡಕ್ಕೆ ಇನ್ನೊಂದು ತೊಂದರೆ ಇದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಆ್ಯಪ್ ಮಾಡಿದವರು ಸಾಲಿಗೆ ಅಳೆದು ಜಾಗ ಬಿಟ್ಟಿದ್ದರೆ, ಅಕ್ಷರ ಬೆಳೆದಾಗ ಒತ್ತು ಕತ್ತರಿಸಿಹೋಗುತ್ತದೆ. "ಅಕ್ಕ" ಹೋಗಿ "ಅಕ" ಆಗಿ ಕೂರುತ್ತದೆ. ಪರೀಕ್ಷೆ ಸುಲಭ: ಅಳತೆ ಏರಿಸಿದ ಮೇಲೆ ಒತ್ತಕ್ಷರ ಇರುವ ನಾಲ್ಕೈದು ಹೆಸರುಗಳನ್ನು ಫೋನ್ ಪಟ್ಟಿಯಲ್ಲೇ ನೋಡಿ. ಕೆಳಗಿನ ಒತ್ತು ಪೂರ್ತಿ ಕಾಣದಿದ್ದರೆ ಒಂದು ಮೆಟ್ಟಿಲು ಇಳಿಸಿ.

`Bold text` ಅಂತ ಒಂದು ಆಯ್ಕೆ ಆಂಡ್ರಾಯ್ಡ್ 12ರಿಂದ ಇದೆ. ಇಂಗ್ಲಿಷಿಗೆ ಚೆನ್ನಾಗಿದೆ. ಕನ್ನಡಕ್ಕೆ ನನಗೆ ಅಷ್ಟು ಇಷ್ಟವಿಲ್ಲ. ಪ ಮತ್ತು ಷ ನಡುವಿನ ಭೇದ ಒಳಗಿನ ಒಂದು ಗೆರೆ. ದ ಮತ್ತು ಧ ನಡುವಿನ ಭೇದ ಕೆಳಗಿನ ಸಣ್ಣ ಸೀಳು. ಅಕ್ಷರ ದಪ್ಪವಾದಾಗ ಆ ಸಂದಿ ತುಂಬಿಕೊಂಡು ಬಿಡುತ್ತದೆ. ಹಾಕಿ ನೋಡಿ, ಓದುವವರು ಬೇಡ ಅಂದರೆ ತೆಗೆದುಬಿಡಿ.

ಮೋತಿಬಿಂದು ಇದ್ದವರಿಗೆ, ಕಣ್ಣು ಕುಕ್ಕುತ್ತದೆ ಅನ್ನುವ ಎಲ್ಲರಿಗೂ, ಅಕ್ಷರಕ್ಕಿಂತ ಜಾಸ್ತಿ ಉಪಯೋಗವಾಗುವುದು `Dark theme`. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಮಾಮಾಗೂ ಇದೇ ಹಿಡಿಸಿತು. ಆದರೆ ಅದು ಮನೆಯೊಳಗೆ. ಗದ್ದೆಯ ಬಿಸಿಲಿನಲ್ಲಿ ಕಪ್ಪು ಪರದೆ ಕನ್ನಡಿಯೇ ಸರಿ, ಅವರ ಮುಖವೇ ಅವರಿಗೆ ಕಾಣುತ್ತದೆ. ಆವಾಗ ಬೆಳಕು ಏರಿಸಿ, ನೆರಳಿಗೆ ಬರಬೇಕು. ಬೇರೆ ಉಪಾಯವಿಲ್ಲ.

ಭೂತಗನ್ನಡಿಯ ಬಗ್ಗೆ ಒಂದು ಎಚ್ಚರ. ಪರದೆಯನ್ನು ಮೂರು ಸಲ ಬಡಿದರೆ ಹಿಗ್ಗುವ ಹಾಗೆ ಮಾಡಬಹುದು. ಹಾಗೆ ಮಾಡಿದರೆ, ಒಂದು ಸಲ ಒತ್ತಿದಾಗ ಇನ್ನೆರಡು ಬರುತ್ತವೇನೋ ಅಂತ ಫೋನ್ ಸ್ವಲ್ಪ ಕಾಯುತ್ತದೆ. ಹಿರಿಯರು "ಟಚ್ ಹೋಗೈತಿ" ಅಂದುಕೊಂಡು ಇನ್ನೂ ಜೋರಾಗಿ ಒತ್ತುತ್ತಾರೆ, ಮೂರು ಒತ್ತಾಗಿ ಪರದೆ ಹಿಗ್ಗಿಬಿಡುತ್ತದೆ. ಆಮೇಲೆ ಗಾಬರಿ. ಅದರ ಬದಲು ಪರದೆಯ ಮೇಲೆ ತೇಲುವ ಬಟನ್ ಇಟ್ಟುಕೊಳ್ಳುವುದು ಮೇಲು.

ಮಾತಿನಿಂದ ನಡೆಸುವುದು: ಎರಡನ್ನು ಒಂದೇ ಅಂದುಕೊಳ್ಳಬೇಡಿ

"ಕಣ್ಣು ಕಾಣಲ್ಲ ಅಂದ್ರೆ ಬಾಯಿಂದ ಹೇಳಿ ಮಾಡ್ಸೋದೇ ಸುಲಭ ಅಲ್ವಾ?" ಅಂತ ಕೇಳುತ್ತಾರೆ. ಇಲ್ಲಿ ದೊಡ್ಡ ಗೊಂದಲವಿದೆ.

`Voice Access` ಅಂತ ಒಂದು ಸೌಲಭ್ಯ ಆಂಡ್ರಾಯ್ಡಿನಲ್ಲಿ ಇದೆ. ಹೆಸರು ಕೇಳಿ ಇದು ಕುರುಡರಿಗೇ ಅಂತ ಹಾಕಿಕೊಟ್ಟವರನ್ನು ನೋಡಿದ್ದೇನೆ. ಅದು ಮಾಡಿರುವುದು ಕೈ ಆಡದವರಿಗೆ. ಪರದೆಯ ಮೇಲಿನ ಪ್ರತಿ ಬಟನ್ನಿಗೂ ಒಂದು ನಂಬರ್ ತೋರಿಸುತ್ತದೆ. ನೀವು ಆ ನಂಬರ್ ನೋಡಿ, ಬಾಯಿಂದ ಹೇಳಬೇಕು. ನೋಡಲೇ ಆಗದವರಿಗೆ ನಂಬರಿಂದ ಏನು ಉಪಯೋಗ? ಪರದೆಯಲ್ಲಿ ಏನಿದೆ ಅಂತ ಅದು ಓದಿ ಹೇಳುವುದೂ ಇಲ್ಲ. ಮೇಲಾಗಿ ಆಜ್ಞೆಗಳನ್ನು ಇಂಗ್ಲಿಷಿನಂಥ ಕೆಲವೇ ಭಾಷೆಗಳಲ್ಲಿ ಹೇಳಬೇಕು, ಕನ್ನಡ ನಡೆಯುವುದಿಲ್ಲ. ಪಾರ್ಶ್ವವಾಯು ಹೊಡೆದು ಕೈ ಬಿದ್ದವರಿಗೆ, ಇಂಗ್ಲಿಷ್ ಬರುವವರಿಗೆ ಅದು ವರವೇ. ಮಾಮಾಗೆ ಅಲ್ಲ.

ಇನ್ನೊಂದು ಗೂಗಲಿನ ಧ್ವನಿ ಸೇವೆ. ಹೆಸರು ಹೇಳಿ ಫೋನ್ ಹಚ್ಚಿಸುವುದು, ಟೈಮ್ ಕೇಳುವುದು, ಅಲಾರಾಂ ಇಡುವುದು. ಇದು ಕನ್ನಡದಲ್ಲಿ ಸಿಗುತ್ತದೆ, ಕಣ್ಣಿನ ಕೆಲಸ ಕಡಿಮೆ. ಆದರೆ ಇದರ ಯೋಗ್ಯತೆ ಇಷ್ಟೇ: ಫೋನ್ ಹಚ್ಚುವುದಕ್ಕೆ ಬಹಳ ಒಳ್ಳೆಯದು, ಬಂದ ಮೆಸೇಜನ್ನು ಹುಡುಕಿ ಓದುವ ಕೆಲಸಕ್ಕೆ ನೆಚ್ಚಿಕೊಳ್ಳುವ ಹಾಗಿಲ್ಲ. ಇಂಟರ್ನೆಟ್ ಬೇಕು. ಗಿರಣಿಯ ಮಷಿನ್ ಸದ್ದಿನಲ್ಲಿ, ಪಂಪ್‌ಸೆಟ್ ಪಕ್ಕದಲ್ಲಿ ತಪ್ಪು ಕೇಳಿಸಿಕೊಳ್ಳುತ್ತದೆ.

ಇದನ್ನು ನೆಟ್ಟಗೆ ಕೆಲಸ ಮಾಡಿಸಬೇಕಾದರೆ ಫೋನ್ ಪಟ್ಟಿಯನ್ನು ಮೊದಲು ಸ್ವಚ್ಛ ಮಾಡಬೇಕು. ಮಾಮಾನ ಫೋನಿನಲ್ಲಿ ಒಬ್ಬನೇ ಮಗನಿಗೆ ನಾಲ್ಕು ಹೆಸರಿದ್ದವು. ಒಂದರಲ್ಲಿ ಹಳೇ ನಂಬರ್, ಇನ್ನೊಂದರಲ್ಲಿ ಹೆಸರಿನ ಮುಂದೆ ಸಿಮ್ ಕಂಪನಿಯ ಹೆಸರು. ಹೀಗಿದ್ದರೆ "ಯಾವುದು?" ಅಂತ ಪಟ್ಟಿ ಬಂದು ಪರದೆಯಲ್ಲಿ ನಿಲ್ಲುತ್ತದೆ, ಮತ್ತೆ ನೋಡುವ ಕೆಲಸ ಬಂತು. ಅವರು ಬಾಯಲ್ಲಿ ಕರೆಯುವ ಹೆಸರನ್ನೇ ಇಡಿ, ಒಬ್ಬರಿಗೆ ಒಂದೇ ನಂಬರ್. ಎರಡು ಸಿಮ್ ಇದ್ದರೆ ಕರೆಗೆ ಒಂದನ್ನು ಕಾಯಂ ಮಾಡಿ. ಇಲ್ಲದಿದ್ದರೆ ಪ್ರತಿ ಸಲವೂ ಯಾವ ಸಿಮ್ ಅಂತ ಪೆಟ್ಟಿಗೆ ಬರುತ್ತದೆ. ಫೋನ್ ಯಾಕೆ ಹೋಗಲಿಲ್ಲ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ, ಸುಮ್ನೆ ಕಿವಿಗೆ ಹಿಡಿದುಕೊಂಡು ಕೂತಿರುತ್ತಾರೆ.

ಓದಿ ಹೇಳುವ ಫೋನ್

ಇದರ ಹೆಸರು ಟಾಕ್‌ಬ್ಯಾಕ್. ಅಂಗಡಿಗೆ ಇದರ ಗಿರಾಕಿಗಳು ಬರುವ ರೀತಿಯೇ ಬೇರೆ. "ಅಣ್ಣಾರ, ಫೋನ್ ತಾನ ಮಾತಾಡಾಕತ್ತೈತಿ, ಒತ್ತಿದ್ರ ಕೇಳವಲ್ದು, ಹಾಳಾಗೈತೇನ್ರಿ" ಅಂತ. ಮಕ್ಕಳು ಏನೋ ಒತ್ತಿ ಆನ್ ಮಾಡಿರುತ್ತಾರೆ. ಸೌಂಡ್ ಏರಿಸುವ, ಇಳಿಸುವ ಎರಡೂ ಬಟನ್ನನ್ನು ಒಟ್ಟಿಗೆ ಮೂರು ಸೆಕೆಂಡ್ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ನಿಲ್ಲುತ್ತದೆ. ಹಾಗೆ ಹಿಡಿದು ನಿಲ್ಲಿಸಿ ಕೊಟ್ಟಾಗ ನನ್ನನ್ನು ಮಂತ್ರವಾದಿಯ ಹಾಗೆ ನೋಡುತ್ತಾರೆ.

ಕಾಣುವವರಿಗೆ ಹಾಳಾದ ಹಾಗೆ ತೋರುವುದಕ್ಕೆ ಕಾರಣ ಇದೆ. ಟಾಕ್‌ಬ್ಯಾಕ್ ಆನ್ ಆದಾಗ ಮುಟ್ಟುವ ನಿಯಮವೇ ಬದಲಾಗುತ್ತದೆ. ಒಂದು ಸಲ ಮುಟ್ಟಿದರೆ ಬೆರಳ ಕೆಳಗೆ ಏನಿದೆ ಅಂತ ಹೇಳುತ್ತದೆ, ಅಷ್ಟೇ. ತೆರೆಯಬೇಕಾದರೆ ಎರಡು ಸಲ ಬೇಗ ಬೇಗ ಬಡಿಯಬೇಕು. ಒಂದು ಬೆರಳಿಂದ ಬಲಕ್ಕೆ ಸರಿಸಿದರೆ ಮುಂದಿನದು, ಎಡಕ್ಕೆ ಸರಿಸಿದರೆ ಹಿಂದಿನದು. ಪುಟ ಜಾರಿಸಲು ಎರಡು ಬೆರಳು.

ಕನ್ನಡದ ಮನೆಯಲ್ಲಿ ಇದನ್ನು ಆನ್ ಮಾಡುವ ಮುಂಚೆ ಧ್ವನಿ ಸರಿ ಮಾಡಿಕೊಳ್ಳಬೇಕು. ಜನ ಸೋಲುವುದು ಇಲ್ಲೇ. ಪರದೆ ಓದುವುದು ಟಾಕ್‌ಬ್ಯಾಕ್, ಆದರೆ ಬಾಯಿ ಬೇರೆಯದು. ಆ ಬಾಯಿಯ ಸೆಟ್ಟಿಂಗ್ ಹೆಸರು `Text-to-speech output`. ಅದರಲ್ಲಿ ಗೂಗಲಿನ ಎಂಜಿನ್ ಆರಿಸಿ, ಭಾಷೆಗೆ ಕನ್ನಡ ಆರಿಸಿ, ಧ್ವನಿಯನ್ನು ಫೋನಿಗೆ ಇಳಿಸಿಕೊಳ್ಳಿ. ಒಂದು ಸಲ ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದಿದ್ದರೂ ಓದುತ್ತದೆ. ಧ್ವನಿ ಸೇವೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ಕನ್ನಡ ಧ್ವನಿ ಕೂತಿಲ್ಲ ಅಂತ ತಿಳಿಯುವುದು ಹೇಗೆ? ಫೋನ್ ಇಂಗ್ಲಿಷ್ ಮೆನುಗಳನ್ನು ಸರಿಯಾಗಿ ಹೇಳುತ್ತದೆ, ಕನ್ನಡದ ಮೆಸೇಜ್ ಮುಟ್ಟಿದಾಗ ಮಾತ್ರ ಮೌನ. ಕಳಿಸಿದವರ ಹೆಸರು, ಟೈಮ್ ಹೇಳಿ ಮುಂದೆ ಹೋಗುತ್ತದೆ. ಕಾಣದವರಿಗೆ ಖಾಲಿ ಮೆಸೇಜ್ ಬಂದಿದೆ ಅಂತಲೇ ಅನಿಸುತ್ತದೆ. ಮಾಮಾ ಮೊದಲ ದಿನ ಮಗನ ಮೇಲೆ ಸಿಟ್ಟಾಗಿದ್ದರು, "ಬರೇ ಖಾಲಿ ಮೆಸೇಜ್ ಹಾಕ್ತಾನ" ಅಂತ.

ಫೋನಿನ ಭಾಷೆಯನ್ನೇ ಕನ್ನಡ ಮಾಡಬೇಕೋ ಬೇಡವೋ? ಇಲ್ಲಿ ನನ್ನ ಅಭಿಪ್ರಾಯ ಬಹಳ ಜನಕ್ಕೆ ಒಪ್ಪಿಗೆಯಾಗುವುದಿಲ್ಲ. ಕನ್ನಡ ಮಾಡಿದರೆ ಬಟನ್ ಹೆಸರು, ಸೂಚನೆ ಎಲ್ಲ ಕನ್ನಡದಲ್ಲಿ ಬರುತ್ತದೆ. ಆದರೆ ಅದು ಪುಸ್ತಕದ ಕನ್ನಡ. ಇಪ್ಪತ್ತು ವರ್ಷದಿಂದ "ಕಾಲ್", "ಮೆಸೇಜ್", "ಬ್ಯಾಕ್" ಅನ್ನುವವರಿಗೆ "ಸಕ್ರಿಯಗೊಳಿಸು" ಅಂದರೆ ಹೊಸ ಭಾಷೆ ಕಲಿತ ಹಾಗೆ. ಇಂಗ್ಲಿಷ್ ಒಂದಕ್ಷರವೂ ಬಾರದವರಿಗೆ ಕನ್ನಡವೇ ಸರಿ. ಹಳೇ ಮೆನುಗಳು ಬಾಯಿಪಾಠ ಆಗಿರುವವರಿಗೆ ಮೆನು ಹಾಗೇ ಇರಲಿ, ಓದುವ ಧ್ವನಿ ಮಾತ್ರ ಕನ್ನಡ ಇರಲಿ. ಗೂಗಲಿನ ಕನ್ನಡ ಧ್ವನಿ ಇಂಗ್ಲಿಷ್ ಪದಗಳನ್ನು ನಮ್ಮ ಉಚ್ಚಾರದಲ್ಲೇ ಓದುತ್ತದೆ, ಅವರಿಗೆ ಅದೇ ಹಿತ. ಸೂಚನೆಗಳು ಜಾಸ್ತಿ ಅನಿಸಿದರೆ ಟಾಕ್‌ಬ್ಯಾಕ್ ಸೆಟ್ಟಿಂಗಿನ `Verbosity` ಒಳಗೆ ಕಡಿಮೆ ಮಾಡಿ. ಮಾತಿನ ವೇಗವನ್ನೂ ಮೊದಲ ವಾರ ಇಳಿಸಿಡಿ.

ಆಮೇಲೆ ಆ ಎರಡು ಬಟನ್ನಿನ ಅಡ್ಡದಾರಿ. ಟಾಕ್‌ಬ್ಯಾಕ್ ಪುಟದಲ್ಲಿ `Shortcut` ಆನ್ ಮಾಡಿ, `Volume keys` ಆರಿಸಿ. ಮೊದಲ ಸಲ ಹಿಡಿದಾಗ "ನಿಜವಾಗಿ ಬೇಕಾ" ಅಂತ ಪೆಟ್ಟಿಗೆ ಕೇಳುತ್ತದೆ. ಅದನ್ನು ನೀವೇ ಒತ್ತಿ ಮುಗಿಸಿ ಕೊಡಿ. ಅದೇ ಬಟನ್ನಿಗೆ ಭೂತಗನ್ನಡಿಯನ್ನೂ ಕಟ್ಟಬೇಡಿ. ಎರಡು ಕಟ್ಟಿದರೆ ಯಾವುದು ಬೇಕು ಅಂತ ಪಟ್ಟಿ ಬರುತ್ತದೆ, ಕಾಣದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಕಲಿಸುವಾಗ ಎಲ್ಲರೂ ಎಡವುವ ಜಾಗ ಒಂದೇ. ಹೆಸರು ಕೇಳಿದ ಮೇಲೆ ಅದೇ ಜಾಗದಲ್ಲಿ ಎರಡು ಸಲ ಬಡಿಯಬೇಕು ಅಂದುಕೊಳ್ಳುತ್ತಾರೆ. ಬೆರಳು ಎತ್ತಿ ಮತ್ತೆ ಅದೇ ಜಾಗ ಹುಡುಕಲು ಹೋಗಿ ಪಕ್ಕದ್ದು ತಾಗುತ್ತದೆ. ಹಾಗೆ ಬೇಕಿಲ್ಲ. ಒಮ್ಮೆ ಹೆಸರು ಹೇಳಿಸಿಕೊಂಡ ಮೇಲೆ ಪರದೆಯ ಮೇಲೆ ಎಲ್ಲಿ ಬಡಿದರೂ ಅದೇ ತೆರೆಯುತ್ತದೆ. ಇದನ್ನು ಹೇಳಿದ ಮೇಲೆ ಮಾಮಾನ ಕೈ ನಡುಗುವುದೇ ನಿಂತಿತು. ಇನ್ನೊಂದು ತಪ್ಪು ನಿಧಾನಕ್ಕೆ ಬಡಿಯುವುದು. ಬಡಿತಗಳ ನಡುವೆ ತಡವಾದರೆ ಅದು ಎರಡು ಬೇರೆ ಬೇರೆ ಮುಟ್ಟು ಅಂತ ಫೋನ್ ತಿಳಿಯುತ್ತದೆ. ಮೇಜಿನ ಮೇಲೆ ತಬಲಾದ ಹಾಗೆ ಬಡಿಸಿ ಅಭ್ಯಾಸ ಮಾಡಿಸಿ, ಆಮೇಲೆ ಫೋನ್ ಕೊಡಿ.

ಕರೆ ಬಂದಾಗ ಹಸಿರು ಬಟನ್ ಹುಡುಕುವ ಗಾಬರಿ ಬೇಡ. ಈಚಿನ ಫೋನುಗಳಲ್ಲಿ ಎರಡು ಬೆರಳಿಂದ ಎರಡು ಸಲ ಬಡಿದರೆ ಕರೆ ಎತ್ತುತ್ತದೆ. ಇಡುವುದಕ್ಕೆ `Accessibility` ಒಳಗಿನ `Power button ends call` ಆನ್ ಮಾಡಿಕೊಡಿ. ಕೈಗೆ ಸಿಗುವ ಗಟ್ಟಿ ಬಟನ್ ಅದು, ಒತ್ತಿದರೆ ಕರೆ ಮುಗಿಯಿತು. ಟಾಕ್‌ಬ್ಯಾಕ್ ಬಳಸದವರಿಗೂ ಇದು ಉಪಯೋಗವಾಗುತ್ತದೆ. ನನ್ನ ಅಂಗಡಿಗೆ ಬರುವ ಅರವತ್ತು ದಾಟಿದ ಎಲ್ಲರಿಗೂ ಹಾಕಿಯೇ ಕಳಿಸುತ್ತೇನೆ.

ಒಂದು ಮಿತಿ ಗೊತ್ತಿರಲಿ. ಕೆಲವು ಆ್ಯಪುಗಳಲ್ಲಿ ಚಿತ್ರದ ಬಟನ್ನಿಗೆ ಹೆಸರೇ ಕೊಟ್ಟಿರುವುದಿಲ್ಲ. ಅಲ್ಲಿ "ಲೇಬಲ್ ಇಲ್ಲದ ಬಟನ್" ಅನ್ನುವ ಥರ ಏನೋ ಹೇಳುತ್ತದೆ. ಅದು ಫೋನಿನ ತಪ್ಪಲ್ಲ, ಆ್ಯಪ್ ಮಾಡಿದವರದು. ಟಾಕ್‌ಬ್ಯಾಕ್ ಮೆನುವಿನಿಂದ ಅಂಥ ಹಲವು ಬಟನ್ನಿಗೆ ನೀವೇ ಹೆಸರು ಹಚ್ಚಿಡಬಹುದು. ದುಡ್ಡು ಕಳಿಸುವ ಆ್ಯಪನ್ನು ಮಾತ್ರ ಮೊದಲ ತಿಂಗಳು ಮುಟ್ಟಿಸಬೇಡಿ. ಗುಟ್ಟಿನ ಅಂಕಿ ಒತ್ತುವಾಗ ಫೋನ್ ಅಂಕಿಯನ್ನು ಹೊರಗೆ ಹೇಳಿದರೆ ಪಕ್ಕದವರಿಗೂ ಕೇಳುತ್ತದೆ, ಹೇಳದಿದ್ದರೆ ಒತ್ತಿದವರಿಗೂ ಗೊತ್ತಾಗುವುದಿಲ್ಲ. ಇಯರ್‌ಫೋನ್ ಹಾಕಿಕೊಳ್ಳುವ ರೂಢಿ ಆದ ಮೇಲೆ ನೋಡೋಣ. ಹಾಗೇ, "ಇದನ್ನು ಹಾಕಿಕೊಂಡರೆ ಅಕ್ಷರ ಚೆನ್ನಾಗಿ ಕಾಣುತ್ತದೆ" ಅಂತ ಯಾರೋ ಮೆಸೇಜಿನಲ್ಲಿ ಕಳಿಸಿದ ಫೈಲಿಗೆ ಈ `Accessibility` ಪುಟದಲ್ಲಿ ಅನುಮತಿ ಕೊಡಬೇಡಿ. ಈ ಅನುಮತಿ ಸಿಕ್ಕ ಆ್ಯಪ್ ಪರದೆಯಲ್ಲಿರುವುದನ್ನು ಓದಬಲ್ಲದು, ನಿಮ್ಮ ಪರವಾಗಿ ಬಟನ್ನೂ ಒತ್ತಬಲ್ಲದು.

ನಡುವಿನ ದಾರಿ

ಟಾಕ್‌ಬ್ಯಾಕ್ ಆನ್ ಅಥವಾ ಆಫ್, ಎರಡೇ ಅಂದುಕೊಂಡವರು `Select to Speak` ನೋಡಿರುವುದಿಲ್ಲ. ಇದು ಮುಟ್ಟುವ ನಿಯಮ ಬದಲಿಸುವುದಿಲ್ಲ. ಪರದೆಯ ಅಂಚಿನಲ್ಲಿ ಒಂದು ಬಟನ್ ಇರುತ್ತದೆ. ಅದನ್ನು ಒತ್ತಿ, ಓದಬೇಕಾದ ಮೆಸೇಜ್ ಮುಟ್ಟಿದರೆ ಅದನ್ನಷ್ಟೇ ಓದುತ್ತದೆ. ಮೊದಲು ಕೂರಿಸಿದ ಅದೇ ಕನ್ನಡ ಧ್ವನಿ. ಹೆಸರು, ಬಟನ್ ಕಾಣುತ್ತದೆ, ಉದ್ದದ ಮೆಸೇಜ್ ಓದಲು ಕಣ್ಣು ಸೋಲುತ್ತದೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಪೂರ್ತಿ ಕಾಣದವರಿಗೆ ಇದು ಆಗದು, ಆ ಬಟನ್ನೇ ಸಿಗುವುದಿಲ್ಲ.

ಮಾಮಾನ ಫೋನ್ ಕೊನೆಗೆ ಹೀಗೆ ನಿಂತಿದೆ. ಅಕ್ಷರ ಮಾಮೂಲಿಗಿಂತ ಒಂದೇ ಮೆಟ್ಟಿಲು ಮೇಲೆ. ಕಪ್ಪು ಹಿನ್ನೆಲೆ. ಉದ್ದದ ಮೆಸೇಜಿಗೆ `Select to Speak`. ಮೊದಲ ಪುಟದಲ್ಲಿದ್ದ ಹವಾಮಾನ, ಸುದ್ದಿ, ಹುಡುಕುವ ಪಟ್ಟಿ ಎಲ್ಲ ತೆಗೆದೆ. ಆ ಪುಟದ ನಾಲ್ಕು ಮೂಲೆಗೆ ನಾಲ್ಕು ಜನರ ನೇರ ಕರೆಯ ಗುಂಡಿ ಇಟ್ಟೆ: ಮಗ, ಮಗಳು, ನಾನು, ಗಿರಣಿಯ ಗೆಳೆಯ. ಮೂಲೆಯನ್ನೇ ಆರಿಸಿದ್ದು ಯಾಕೆಂದರೆ ಫೋನಿನ ಅಂಚನ್ನು ಬೆರಳು ಕಣ್ಣಿಲ್ಲದೆಯೂ ಹುಡುಕುತ್ತದೆ. ಕೊಳವೆ ನೋಟದವರು ಪರದೆಯ ನಡುವೆ ಒಂದು ಗುಂಡಿಯನ್ನು ಹುಡುಕಲು ಇಡೀ ಪರದೆ ತಡಕಾಡಬೇಕಾಗುತ್ತದೆ.

ಟಾಕ್‌ಬ್ಯಾಕ್ ಅವರಿಗೆ ಇವತ್ತು ಬೇಕಿಲ್ಲ. ಆದರೂ ಕಲಿಸುತ್ತಿದ್ದೇನೆ. ಗ್ಲುಕೋಮಾದಲ್ಲಿ ಹೋದ ನೋಟ ತಿರುಗಿ ಬರುವುದಿಲ್ಲ. ಡ್ರಾಪ್ಸ್ ಮುಂದಿನ ನಷ್ಟವನ್ನು ತಡೆಯಲು ಮಾತ್ರ. ಸ್ವಲ್ಪ ಕಾಣುವಾಗ ಕಲಿತರೆ ಬೆರಳು ಎಲ್ಲಿ ಹೋಯಿತು ಅಂತ ಕಣ್ಣಿಂದ ತಾಳೆ ನೋಡಬಹುದು. ಪೂರ್ತಿ ಕತ್ತಲಾದ ಮೇಲೆ ಕಲಿಯುವುದು ಬಹಳ ಕಷ್ಟ. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಅವರೇ ಅಂದರು, "ಗೊತ್ತೈತಿ ಅಳಿಯಾ, ಕಲಿಸು."

ಸಂಜೆ ಊಟದ ಮುಂಚೆ ಅರ್ಧ ಗಂಟೆ. ಎರಡು ಬಟನ್ ಹಿಡಿಯುತ್ತಾರೆ, ಫೋನ್ ಮಾತಾಡಲು ಶುರು. ಬಲಕ್ಕೆ ಸರಿಸುತ್ತಾ ಸರಿಸುತ್ತಾ ಮಗಳ ಹೆಸರು ಬರುವ ತನಕ ಹೋಗುತ್ತಾರೆ, ತಬಲಾ ಬಡಿಯುತ್ತಾರೆ, ಮಾತು ಮುಗಿದ ಮೇಲೆ ಪವರ್ ಬಟನ್ ಒತ್ತುತ್ತಾರೆ. ಮತ್ತೆ ಎರಡು ಬಟನ್ ಹಿಡಿದು ಟಾಕ್‌ಬ್ಯಾಕ್ ನಿಲ್ಲಿಸುತ್ತಾರೆ. ಮೊದಲ ವಾರ ಇಷ್ಟೇ ಪಾಠ. ಎರಡನೇ ವಾರ ವಾಟ್ಸಾಪಿನ ಧ್ವನಿ ಮೆಸೇಜ್ ಸೇರಿಸಿದೆವು. ಅಲ್ಲಿ ಮೈಕ್ ಹೆಸರು ಕೇಳಿದ ಮೇಲೆ ಎರಡನೇ ಬಡಿತದಲ್ಲಿ ಬೆರಳು ಎತ್ತದೆ ಹಿಡಿದುಕೊಂಡೇ ಮಾತಾಡಬೇಕು. ಮೊದಲ ನಾಲ್ಕು ಮೆಸೇಜುಗಳಲ್ಲಿ ಮಾಮಾನ ದನಿಯ ಜೊತೆ ಟಾಕ್‌ಬ್ಯಾಕಿನ ದನಿಯೂ ರೆಕಾರ್ಡ್ ಆಗಿ ಹೋಗಿತ್ತು. ಮಗಳು ಬೆಂಗಳೂರಿಂದ ಫೋನ್ ಮಾಡಿ, "ಅಪ್ಪಾ, ನಿನ್ನ ಜೊತಿಗೆ ಮಾತಾಡಾಕತ್ತಾಳಲ್ಲ, ಆಕಿ ಯಾರು?" ಅಂತ ಕೇಳಿದಳು. ಮರುದಿನ ಇಯರ್‌ಫೋನ್ ತಂದುಕೊಟ್ಟೆ.